ವಿಮಾ ಕಂಪನಿ ‘ಸಾರಿ’ ಅಂತ ಪತ್ರ ಬರೆದರೆ ಅದರಲ್ಲಿ ಮೊದಲು ನೋಡಬೇಕಾದ್ದು ತಾರೀಖು

2025ರ ನವೆಂಬರ್‌ನಲ್ಲಿ ಗದಗಿನ ನಮ್ಮ ಸೋದರಮಾವನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ವಿಮಾ ಕಂಪನಿಯಿಂದ ಬಂದ ಎರಡು ಪುಟದ ಇಂಗ್ಲಿಷ್ ಪತ್ರ. ಫೋಟೊದ ಹಿಂದೆಯೇ ಫೋನೂ ಬಂತು.

“ಏನ್ ಬರದಾರ ಇದ್ರಾಗ, ಓದಿ ಹೇಳಪಾ. ರೊಕ್ಕ ಬರ್ತಾವೋ, ಬರೇ ಸಾರಿ ಅಂದು ಕೈ ತೊಳ್ಕೊಂಡಾರೋ?”

ಮಾವನಿಗೆ ಮೇ ಕೊನೆಯಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಬಿಲ್ ₹1,58,400. ಆ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಮೊದಲು ಕೈಯಿಂದ ಕಟ್ಟಿ, ಆಮೇಲೆ ಬಿಲ್ ಕಳಿಸಿ ದುಡ್ಡು ವಾಪಸ್ ಪಡೆಯುವ ದಾರಿ ಹಿಡಿದಿದ್ದರು. ಇದಕ್ಕೆ ರಿಇಂಬರ್ಸ್‌ಮೆಂಟ್ ಅನ್ನುತ್ತಾರೆ. ಜೂನ್‌ನಲ್ಲಿ ಫೈಲ್ ಕಳಿಸಿದ್ದರು. ಹೆಚ್ಚುಕಡಿಮೆ ಐದು ತಿಂಗಳು ಕಳೆದ ಮೇಲೆ ಈ ಪತ್ರ ಬಂದಿತ್ತು.

ಪತ್ರದ ಮೊದಲ ಪ್ಯಾರಾ ಪೂರ್ತಿ ವಿಷಾದ. ಎರಡನೇ ಪ್ಯಾರಾದಲ್ಲಿ ಯಾಕೆ ತಡವಾಯಿತು ಅನ್ನುವ ಕಾರಣ. ಮೂರನೆಯದರಲ್ಲಿ ಮುಂದೇನು ಅನ್ನುವ ಮಾತು. ಇಂಥ ಪತ್ರಗಳು ಹೆಚ್ಚುಕಡಿಮೆ ಎಲ್ಲ ಇದೇ ಅಚ್ಚಿನಲ್ಲಿ ಇರುತ್ತವೆ. ಓದುವವರ ಕಣ್ಣು ಸಹಜವಾಗಿ ಮೊದಲ ಪ್ಯಾರಾದಲ್ಲಿ ನಿಲ್ಲುತ್ತದೆ. ಕಂಪನಿಯವರೇ ತಪ್ಪು ಒಪ್ಪಿಕೊಂಡರಲ್ಲ ಅಂತ ಒಂದು ಸಮಾಧಾನ. ಆದರೆ ಈ ಪತ್ರದಲ್ಲಿ ದುಡ್ಡಿಗೆ ಸಂಬಂಧಪಟ್ಟದ್ದು ಎರಡನೇ ಪ್ಯಾರಾದ ನಡುವೆ, ಅರ್ಧ ವಾಕ್ಯದಲ್ಲಿ ಇತ್ತು: “ಕೊನೆಯ ಅಗತ್ಯ ದಾಖಲೆ ನಮಗೆ 14 ಅಕ್ಟೋಬರ್ 2025ರಂದು ತಲುಪಿದೆ.”

ಈ ಒಂದು ತಾರೀಖು ಯಾಕೆ ಅಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಕ್ಲೇಮ್ ಫೈಲ್ ಹೇಗೆ ಓಡಾಡುತ್ತದೆ ಅಂತ ಸ್ವಲ್ಪ ಗೊತ್ತಿರಬೇಕು.

## ಫೈಲ್ ಎಲ್ಲಿಗೆ ಹೋಗುತ್ತದೆ?

ನಾವು ಕಂತು ಕಟ್ಟುವುದು ವಿಮಾ ಕಂಪನಿಗೆ. ಆದರೆ ಆರೋಗ್ಯ ವಿಮೆಯ ಫೈಲ್ ಅನೇಕ ಸಲ ಮೊದಲು ಹೋಗುವುದು ಟಿಪಿಎ ಅನ್ನುವ ಬೇರೆ ಸಂಸ್ಥೆಗೆ. ಪೂರ್ತಿ ಹೆಸರು ಥರ್ಡ್ ಪಾರ್ಟಿ ಅಡ್ಮಿನಿಸ್ಟ್ರೇಟರ್. ಎಪಿಎಂಸಿಯ ದಲಾಲಿ ಅಂಗಡಿ ಇದ್ದ ಹಾಗೆ ಅಂದುಕೊಳ್ಳಿ. ಮಾಲು ಇಳಿಸಿಕೊಳ್ಳುವುದು, ತೂಕ ನೋಡುವುದು, ಪಟ್ಟಿ ಬರೆಯುವುದು ಎಲ್ಲ ದಲಾಲರ ಕೆಲಸ. ದುಡ್ಡು ಮಾತ್ರ ಖರೀದಿದಾರನದು. ಟಿಪಿಎ ಕೂಡ ಬಿಲ್ ಪರೀಕ್ಷಿಸುತ್ತದೆ, ಕಾಗದ ಕೇಳುತ್ತದೆ, ಎಷ್ಟು ಕೊಡಬಹುದು ಅಂತ ಲೆಕ್ಕ ಹಾಕುತ್ತದೆ. ಕ್ಲೇಮ್ ತಿರಸ್ಕರಿಸುವ ಅಧಿಕಾರ ಅದಕ್ಕಿಲ್ಲ. ಅದು ಕಂಪನಿಯ ಕೆಲಸ, ತಿರಸ್ಕಾರದ ಪತ್ರವನ್ನೂ ಕಂಪನಿಯೇ ಕೊಡಬೇಕು.

ಟಿಪಿಎಯಲ್ಲಿ ವೈದ್ಯಕೀಯ ತಂಡ ಫೈಲ್ ಓದುವಾಗ ಅನುಮಾನ ಬಂದರೆ ‘ಕ್ವೆರಿ’ ಕಳಿಸುತ್ತಾರೆ. ಅಂದರೆ ಇಂಥ ಕಾಗದ ಕೊಡಿ, ಇಂಥದ್ದಕ್ಕೆ ಉತ್ತರ ಕೊಡಿ ಅನ್ನುವ ಪತ್ರ. ಉತ್ತರ ಬರದಿದ್ದರೆ ಸಾಮಾನ್ಯವಾಗಿ ಒಂದೆರಡು ಸಲ ನೆನಪು ಮಾಡುತ್ತಾರೆ. ಆಗಲೂ ಬರದಿದ್ದರೆ ಫೈಲ್ ‘ಕ್ಲೋಸ್’.

ಈ ಕ್ಲೋಸ್ ಅನ್ನುವ ಶಬ್ದ ಕೇಳಿ ಎದೆ ಒಡೆದುಕೊಳ್ಳಬೇಡಿ. ಕ್ಲೋಸ್ ಬೇರೆ, ರಿಜೆಕ್ಟ್ ಬೇರೆ. ರಿಜೆಕ್ಟ್ ಅಂದರೆ ಕಂಪನಿ ನೋಡಿ, ಪಾಲಿಸಿಯ ಇಂಥ ಷರತ್ತಿನ ಪ್ರಕಾರ ಕೊಡಲು ಬರುವುದಿಲ್ಲ ಅಂತ ತೀರ್ಮಾನ ಮಾಡಿದ್ದು. ಕ್ಲೋಸ್ ಅಂದರೆ ಕಾಗದ ಬಂದಿಲ್ಲ ಅಂತ ಫೈಲನ್ನು ಕಪಾಟಿನಲ್ಲಿ ಇಟ್ಟದ್ದು. ಕಾಗದ ಕೊಟ್ಟರೆ ಮತ್ತೆ ತೆಗೆಯುತ್ತಾರೆ.

## ಮಾವನ ಫೈಲಿಗೆ ಆಗಿದ್ದೇನು?

ಪತ್ರವನ್ನೂ ಮಾವನ ಬಳಿ ಇದ್ದ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಕಥೆ ಹೀಗಿತ್ತು.

ಜೂನ್ 12ಕ್ಕೆ ಫೈಲ್ ಟಿಪಿಎ ತಲುಪಿದೆ. ಕ್ಲೇಮ್ ನಂಬರ್ ಇರುವ ಎಸ್‌ಎಂಎಸ್ ಬಂದಿದೆ. ಜೂನ್ 27ಕ್ಕೆ ಟಿಪಿಎ ಒಂದು ಕ್ವೆರಿ ಕಳಿಸಿದೆ. ಕೇಳಿದ್ದು ಎರಡು ಕಾಗದ. ಒಂದು, ಮೊದಲ ಸಲ ಹೊಟ್ಟೆನೋವು ಅಂತ ಡಾಕ್ಟರ್ ಹತ್ತಿರ ಹೋದಾಗಿನ ಚೀಟಿ. ಇನ್ನೊಂದು, ಇಂಡೋರ್ ಕೇಸ್ ಪೇಪರ್.

ಇಂಡೋರ್ ಕೇಸ್ ಪೇಪರ್ ಅಂದರೆ ಆಸ್ಪತ್ರೆಯ ಒಳಗಿನ ದಿನಚರಿ. ಭರ್ತಿಯಾದ ಗಳಿಗೆಯಿಂದ ಬಿಡುಗಡೆಯವರೆಗೆ ಡಾಕ್ಟರ್ ಏನು ಬರೆದರು, ನರ್ಸ್ ಎಷ್ಟೊತ್ತಿಗೆ ಯಾವ ಇಂಜೆಕ್ಷನ್ ಕೊಟ್ಟರು, ಜ್ವರ ಎಷ್ಟಿತ್ತು ಎಲ್ಲ ಅದರಲ್ಲಿರುತ್ತದೆ. ಮನೆಗೆ ಕೊಡುವ ಡಿಸ್ಚಾರ್ಜ್ ಸಮ್ಮರಿ ಇದರ ಸಾರಾಂಶ ಅಷ್ಟೇ. ಮೂಲ ಕಾಗದ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಉಳಿಯುತ್ತದೆ. ಕೇಳಿದರೆ ನಕಲು ಕೊಡುತ್ತಾರೆ.

ಪಿತ್ತಕೋಶದ ಕಲ್ಲಿಗೆ ಇದನ್ನು ಯಾಕೆ ಕೇಳಿದರು? ಸುಮ್ನೆ ಸತಾಯಿಸಲು ಅಲ್ಲ. ಹೆಚ್ಚಿನ ಆರೋಗ್ಯ ಪಾಲಿಸಿಗಳಲ್ಲಿ ಕೆಲವು ಕಾಯಿಲೆಗಳಿಗೆ ಕಾಯುವ ಅವಧಿ ಅಂತ ಇರುತ್ತದೆ. ಪಿತ್ತಕೋಶದ ಕಲ್ಲು, ಹರ್ನಿಯಾ, ಕಣ್ಣಿನ ಪೊರೆ ಇಂಥವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುತ್ತವೆ. ಪಾಲಿಸಿ ಮಾಡಿಸಿದ ಮೊದಲ ಎರಡು ವರ್ಷ ಇವಕ್ಕೆ ದುಡ್ಡಿಲ್ಲ ಅನ್ನುವುದು ರೂಢಿಯ ಷರತ್ತು. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದರೋ ಅನ್ನುವ ಪ್ರಶ್ನೆಯೂ ಇರುತ್ತದೆ. ಕಲ್ಲು ಯಾವಾಗ ಕಂಡಿತು ಅನ್ನುವುದು ಮೊದಲ ಚೀಟಿಯಲ್ಲಿ ಗೊತ್ತಾಗುತ್ತದೆ. ಮಾವನ ಪಾಲಿಸಿಗೆ ನಾಲ್ಕನೇ ವರ್ಷ ನಡೆಯುತ್ತಿತ್ತು. ಹೊಟ್ಟೆನೋವು ಶುರುವಾಗಿದ್ದು 2025ರ ಏಪ್ರಿಲ್‌ನಲ್ಲಿ. ಕಾಗದ ಸಿಕ್ಕಿದ್ದರೆ ಅನುಮಾನ ಅಂದೇ ಮುಗಿಯುತ್ತಿತ್ತು.

ಸಿಗಲಿಲ್ಲ. ಕ್ವೆರಿ ಹೋಗಿದ್ದು ಇಮೇಲ್‌ಗೆ. ಪಾಲಿಸಿಯಲ್ಲಿದ್ದ ಇಮೇಲ್ ಮಾವನದಲ್ಲ, ಪಾಲಿಸಿ ಮಾಡಿಸಿದ ಏಜೆಂಟನದು! ನಾಲ್ಕು ವರ್ಷದ ಹಿಂದೆ ಅರ್ಜಿ ತುಂಬುವಾಗ, “ಸರ್, ನಿಮಗ ಇಮೇಲ್ ಇಲ್ಲಲ್ಲ, ನಂದ ಹಾಕ್ತೀನಿ” ಅಂದಿದ್ದನಂತೆ. ಆತ ಈಗ ಆ ಕೆಲಸ ಬಿಟ್ಟು ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಜುಲೈ 12ಕ್ಕೆ ಒಂದು, 27ಕ್ಕೆ ಇನ್ನೊಂದು ನೆನಪೋಲೆ ಅದೇ ಇಮೇಲ್‌ಗೆ ಹೋದವು. ಆಗಸ್ಟ್ 11ಕ್ಕೆ ಫೈಲ್ ಕ್ಲೋಸ್.

ಮಾವ ಕಾದು ಸಾಕಾಗಿ ಆಗಸ್ಟ್ 20ಕ್ಕೆ ಹುಬ್ಬಳ್ಳಿಯ ಶಾಖೆಗೆ ಹೋದರು. ಅಲ್ಲಿ ವಿಷಯ ಗೊತ್ತಾಯಿತು. ಆಸ್ಪತ್ರೆಯಿಂದ ನಕಲು ತೆಗೆಸಿಕೊಂಡು ಆಗಸ್ಟ್ 29ಕ್ಕೆ ಶಾಖೆಯಲ್ಲೇ ಕೊಟ್ಟರು. ಕೊಟ್ಟದ್ದಕ್ಕೆ ತಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡರು. ಮಾವ ಮೂವತ್ತು ವರ್ಷ ಸ್ಟೇಷನರಿ ಅಂಗಡಿ ನಡೆಸಿದವರು. ರಸೀದಿ ಇಲ್ಲದೆ ಮಾಲು ಕೊಡುವ ಅಭ್ಯಾಸ ಅವರಿಗಿಲ್ಲ. ಈ ಒಂದು ಸೀಲು ಮುಂದೆ ಎಷ್ಟು ಕೆಲಸಕ್ಕೆ ಬಂತು ಅಂತ ಆಮೇಲೆ ಹೇಳುತ್ತೇನೆ.

ಶಾಖೆಯವರು ಕಾಗದ ಸ್ಕ್ಯಾನ್ ಮಾಡಿ ಬೇರೆ ಯಾರದೋ ಕ್ಲೇಮ್ ನಂಬರಿಗೆ ಜೋಡಿಸಿದರು. ಅದು ಅಲ್ಲೇ ಬಿದ್ದಿತ್ತು. ಪತ್ತೆಯಾಗಿ ಟಿಪಿಎಗೆ ಹೋಗಿದ್ದು ಅಕ್ಟೋಬರ್ 14ಕ್ಕೆ. ಪತ್ರದಲ್ಲಿ ಇದನ್ನು “ಆಂತರಿಕ ದಾಖಲೆ ವರ್ಗಾವಣೆಯಲ್ಲಿ ಆದ ವಿಳಂಬ” ಅಂತ ಬರೆದಿದ್ದರು.

ಅಕ್ಟೋಬರ್ 30ಕ್ಕೆ ಕ್ಲೇಮ್ ಮಂಜೂರಾಯಿತು. ದುಡ್ಡು ಕಳಿಸಿದರೆ ಅದು ತಿರುಗಿ ಬಂತು. ಜೂನ್‌ನಲ್ಲಿ ಮಾವ ಫೈಲಿಗೆ ಹಚ್ಚಿದ್ದ ಕ್ಯಾನ್ಸಲ್ ಮಾಡಿದ ಚೆಕ್ ಹಳೆಯ ಚೆಕ್‌ಬುಕ್ಕಿನದು. ಅವರ ಬ್ಯಾಂಕು ಬೇರೆ ಬ್ಯಾಂಕಿನಲ್ಲಿ ಸೇರಿ ವರ್ಷಗಳಾಗಿವೆ, ಐಎಫ್‌ಎಸ್‌ಸಿ ಕೋಡ್ ಬದಲಾಗಿದೆ. ನಮ್ಮ ಭಾಗದಲ್ಲಿ ಇದು ಅಪರೂಪದ ಸಂಗತಿಯಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕ್ ಸೇರಿತು, ಅದರ ಹಳೆಯ ಕೋಡ್ 2021ರ ಜುಲೈನಿಂದ ನಡೆಯುವುದಿಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಮನೆಯ ಡ್ರಾಯರ್‌ನಲ್ಲಿ ಹಳೆಯ ಚೆಕ್‌ಬುಕ್ ಉಳಿದಿರುತ್ತವೆ, ಕೈಗೆ ಸಿಕ್ಕ ಹಾಳೆ ಹರಿದು ಹಚ್ಚುತ್ತೇವೆ. ಕ್ಲೇಮ್ ಫೈಲಿಗೆ ಚೆಕ್ ಹಚ್ಚುವ ಮುಂಚೆ ಪಾಸ್‌ಬುಕ್ಕಿನ ಕೋಡ್ ಜೊತೆ ಒಮ್ಮೆ ತಾಳೆ ನೋಡಿದರೆ ಸಾಕು.

ನವೆಂಬರ್ 6ಕ್ಕೆ ಕ್ಷಮಾಪಣೆ ಪತ್ರ. ಹೊಸ ಬ್ಯಾಂಕ್ ವಿವರ ಕೊಟ್ಟ ಮೇಲೆ ನವೆಂಬರ್ 17ಕ್ಕೆ ದುಡ್ಡು.

ಇದರಲ್ಲಿ ಒಬ್ಬರದೇ ತಪ್ಪು ಅಂತಿಲ್ಲ, ಅಲ್ವಾ? ಏಜೆಂಟನ ಇಮೇಲ್, ಶಾಖೆಯ ಸ್ಕ್ಯಾನಿಂಗ್, ಮಾವನ ಚೆಕ್. ಕಂಪನಿಯ ಪತ್ರದಲ್ಲಿ ಇವೆಲ್ಲ ಒಂದೇ ವಾಕ್ಯದಲ್ಲಿ ಕಲೆಸಿಹೋಗಿದ್ದವು. ಬಿಡಿಸಿ ನೋಡಬೇಕಾದ್ದು ಇಲ್ಲೇ. ಯಾವ ತಡ ಯಾರ ಲೆಕ್ಕಕ್ಕೆ ಅನ್ನುವುದರ ಮೇಲೆ ಬಡ್ಡಿ ನಿಂತಿದೆ.

## ತಡವಾದರೆ ಬಡ್ಡಿ ಕೊಡಬೇಕು

ತುಂಬಾ ಜನರಿಗೆ ಗೊತ್ತಿಲ್ಲದ ಸಂಗತಿ ಇದು. ಕ್ಲೇಮ್ ತಡವಾದರೆ ಕಂಪನಿ ಬಡ್ಡಿ ಕೊಡಬೇಕು. ಇದು ಅವರು ತೋರುವ ಉದಾರತೆ ಅಲ್ಲ, ನಿಯಮ. ನಿಯಮ ಮಾಡಿರುವುದು ಐಆರ್‌ಡಿಎಐ, ಅಂದರೆ ವಿಮಾ ಕಂಪನಿಗಳನ್ನು ನೋಡಿಕೊಳ್ಳುವ ಪ್ರಾಧಿಕಾರ. ಇದರ ಮುಖ್ಯ ಕಚೇರಿ ಹೈದರಾಬಾದ್‌ನಲ್ಲಿದೆ.

ಕೈಯಿಂದ ಕಟ್ಟಿ ವಾಪಸ್ ಕೇಳುವ ಆರೋಗ್ಯ ಕ್ಲೇಮ್ ತೀರ್ಮಾನಿಸಲು ಮೊದಲು 30 ದಿನ ಇತ್ತು. 2024ರ ಹೊಸ ನಿಯಮಗಳಲ್ಲಿ ಅದು 15 ದಿನಕ್ಕೆ ಇಳಿದಿದೆ. ಅದಕ್ಕಿಂತ ತಡವಾದರೆ ‘ಬ್ಯಾಂಕ್ ದರ’ಕ್ಕಿಂತ 2 ಪರ್ಸೆಂಟ್ ಜಾಸ್ತಿ ಬಡ್ಡಿ. ಬ್ಯಾಂಕ್ ದರ ಅಂದರೆ ನಮ್ಮ ಎಫ್‌ಡಿಗೆ ಸಿಗುವ ಬಡ್ಡಿ ಅಲ್ಲ. ಅದು ರಿಸರ್ವ್ ಬ್ಯಾಂಕ್ ಪ್ರಕಟಿಸುವ ಒಂದು ದರ. ಕ್ಲೇಮ್ ಕೊಡಬೇಕಾಗಿದ್ದ ಹಣಕಾಸು ವರ್ಷದ ಶುರುವಿನಲ್ಲಿ, ಅಂದರೆ ಏಪ್ರಿಲ್ 1ಕ್ಕೆ, ಆ ದರ ಎಷ್ಟಿತ್ತೋ ಅದನ್ನು ಹಿಡಿಯುತ್ತಾರೆ. 2025ರ ಏಪ್ರಿಲ್ 1ಕ್ಕೆ ಅದು 6.50 ಪರ್ಸೆಂಟ್ ಇತ್ತು. ಎರಡು ಕೂಡಿಸಿದರೆ ವರ್ಷಕ್ಕೆ 8.50.

ಮಾವನಿಗೆ ಮಂಜೂರಾದ ಮೊತ್ತ ₹1,42,000. ಅದಕ್ಕೆ 8.50 ಪರ್ಸೆಂಟ್ ಅಂದರೆ ವರ್ಷಕ್ಕೆ ₹12,070. 365ರಿಂದ ಭಾಗಿಸಿದರೆ ದಿನಕ್ಕೆ ₹33 ಚಿಲ್ಲರೆ. ಒಂದು ಪ್ಲೇಟ್ ಗಿರ್ಮಿಟ್‌ನ ದುಡ್ಡು ಅಂತ ಮಾವ ನಕ್ಕರು. ಹೌದು, ಆದರೆ ಎಷ್ಟು ದಿನದ ಗಿರ್ಮಿಟ್ ಅನ್ನುವುದು ಪ್ರಶ್ನೆ.

## ಗಡಿಯಾರ ಯಾವಾಗ ಶುರು?

ಬೀಸಲು ಜೋಳ ಒಯ್ದು ಗಿರಣಿಯಲ್ಲಿ ಕೊಡುತ್ತೀರಿ. ಗಿರಣಿಯವ ಒಂದು ತಾಸು ಬಿಟ್ಟು ಬರ್ರಿ ಅನ್ನುತ್ತಾನೆ. ಆ ಒಂದು ತಾಸು ಯಾವಾಗಿನಿಂದ? ನೀವು ಡಬ್ಬಿ ಅವನ ಕೈಗೆ ಕೊಟ್ಟ ಗಳಿಗೆಯಿಂದ. ಅವನ ಹುಡುಗ ಡಬ್ಬಿಯನ್ನು ಮೂಲೆಯಲ್ಲಿ ಇಟ್ಟು ಮರೆತು, ಎರಡು ತಾಸಿನ ಮೇಲೆ ಗಿರಣಿಗೆ ಸುರಿದರೆ, ‘ಸುರಿದ ಮೇಲೆ ಒಂದು ತಾಸು’ ಅಂತ ಅವನು ಹೇಳಿದರೆ ಒಪ್ಪುತ್ತೀರಾ? ಆದರೆ ನೀವು ಜೋಳವನ್ನೇ ಅರ್ಧ ಕೊಟ್ಟು, ಉಳಿದದ್ದನ್ನು ಸಂಜೆ ತಂದರೆ ಮಾತು ಬೇರೆ.

ಕ್ಲೇಮಿನ ಲೆಕ್ಕದಲ್ಲಿ ಈ ಪ್ರಶ್ನೆಗೆ ಸಿಗುವ ಹಳೆಯ, ಪರಿಚಿತ ಉತ್ತರ ‘ಕೊನೆಯ ಅಗತ್ಯ ದಾಖಲೆ ತಲುಪಿದ ದಿನ’. ಕೆಲವು ಪಾಲಿಸಿಗಳ ಷರತ್ತಿನಲ್ಲಿ ಈಗ ‘ಕ್ಲೇಮ್ ತಿಳಿಸಿದ ದಿನದಿಂದ’ ಬಡ್ಡಿ ಎಂದೂ ಬರೆದಿರುತ್ತದೆ. ನಿಮ್ಮದು ಯಾವುದು ಅಂತ ನಿಮ್ಮ ಪಾಲಿಸಿ ಪುಸ್ತಕದ ಕ್ಲೇಮ್ ಸೆಟಲ್‌ಮೆಂಟ್ ಭಾಗದಲ್ಲಿ ನೋಡಬೇಕು. ಅಲ್ಲಿ ಪೀನಲ್ ಇಂಟರೆಸ್ಟ್ ಎಂಬ ಪದ ಹುಡುಕಿ, ತಡಕ್ಕೆ ಕೊಡುವ ಬಡ್ಡಿಗೆ ಅದೇ ಹೆಸರು. ಪಾಲಿಸಿ ಜೊತೆ ಗ್ರಾಹಕ ಮಾಹಿತಿ ಪತ್ರ ಅಂತ ಚಿಕ್ಕ ಹಾಳೆ ಬರುತ್ತದೆ. ಅದನ್ನು ಕೇಳಿದರೆ ಕನ್ನಡದಲ್ಲಿ ಕೊಡಬೇಕು ಅಂತ ನಿಯಮವಿದೆ. ನಮ್ಮ ಕಡೆ ಯಾರೂ ಕೇಳುವುದಿಲ್ಲ ಅನ್ನುವುದು ಬೇರೆ ಮಾತು.

ಮಾವನ ಪಾಲಿಸಿಯಲ್ಲಿ ಕೊನೆಯ ದಾಖಲೆಯ ದಿನದಿಂದ ಅಂತಲೇ ಇತ್ತು. ಹಾಗಾದರೆ ಆ ದಿನ ಯಾವುದು? ನಮ್ಮ ಮುಂದೆ ಮೂರು ತಾರೀಖು ಇದ್ದವು.

ಕಂಪನಿ ಹೇಳಿದ್ದು ಅಕ್ಟೋಬರ್ 14. ಆ ಲೆಕ್ಕದಲ್ಲಿ ನವೆಂಬರ್ 17ರವರೆಗೆ 34 ದಿನ, ಬಡ್ಡಿ ₹1,124.

ಮಾವ ಶಾಖೆಯಲ್ಲಿ ಕಾಗದ ಕೊಟ್ಟದ್ದು ಆಗಸ್ಟ್ 29. ಅಲ್ಲಿಂದ 80 ದಿನ, ಬಡ್ಡಿ ₹2,645.

ಫೈಲ್ ಮೊದಲು ತಲುಪಿದ್ದು ಜೂನ್ 12. ಅಲ್ಲಿಂದ 158 ದಿನ, ಬಡ್ಡಿ ₹5,225.

ಅಕ್ಟೋಬರ್ 14 ನಿಲ್ಲುವುದಿಲ್ಲ. ಅದು ಕಾಗದ ಟಿಪಿಎಯ ಮೇಜಿಗೆ ಬಂದ ದಿನ. ಶಾಖೆ ಕಂಪನಿಯದೇ ಶಾಖೆ. ಅಲ್ಲಿ ಕೊಟ್ಟರೆ ಕಂಪನಿಗೆ ಕೊಟ್ಟ ಹಾಗೆ. ಶಾಖೆಯಿಂದ ಟಿಪಿಎಗೆ ಹೋಗಲು ಹಿಡಿದ 46 ದಿನ ಅವರ ಮನೆಯ ಒಳಗಿನ ಓಡಾಟ. ಗಿರಣಿಯ ಹುಡುಗ ಡಬ್ಬಿ ಮರೆತದ್ದು ಅದು. ಪತ್ರದಲ್ಲೇ ‘ಆಂತರಿಕ ವಿಳಂಬ’ ಅಂತ ಒಪ್ಪಿಕೊಂಡೂ ಇದ್ದರು. ಒಂದೇ ಪತ್ರದ ಒಂದು ಸಾಲಿನಲ್ಲಿ ತಪ್ಪು ನಮ್ಮದು ಅಂತ ಹೇಳಿ, ಇನ್ನೊಂದು ಸಾಲಿನಲ್ಲಿ ಆ ದಿನಗಳನ್ನು ಲೆಕ್ಕದಿಂದ ಬಿಟ್ಟಿದ್ದರು. ಬೇಕೆಂದೇ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಕಂಪ್ಯೂಟರ್‌ನಲ್ಲಿ ಯಾವ ತಾರೀಖು ದಾಖಲಾಗಿದೆಯೋ ಅದು ಪತ್ರದಲ್ಲಿ ಅಚ್ಚಾಗುತ್ತದೆ.

ಜೂನ್ 12 ಕಷ್ಟ. ಆಗ ಕಾಗದ ನಿಜವಾಗಿಯೂ ಪೂರ್ತಿ ಇರಲಿಲ್ಲ. ಕ್ವೆರಿ 15 ದಿನದ ಒಳಗೇ ಹೋಗಿದೆ, ಪಾಲಿಸಿಯಲ್ಲಿದ್ದ ವಿಳಾಸಕ್ಕೇ ಹೋಗಿದೆ. ಕ್ಲೇಮ್ ಫಾರಂನಲ್ಲಿ ಮಾವನ ಮೊಬೈಲ್ ನಂಬರ್ ಇತ್ತು, ಕ್ಲೇಮ್ ನಂಬರಿನ ಎಸ್‌ಎಂಎಸ್ ಅದಕ್ಕೇ ಬಂದಿತ್ತು, ಕ್ವೆರಿ ಮಾತ್ರ ಯಾಕೆ ಬರಲಿಲ್ಲ ಅಂತ ವಾದ ಮಾಡಬಹುದು. ವಾದ ಹಗುರವಲ್ಲ. ಆದರೆ ಕೈಯಲ್ಲಿ ಸೀಲು ಇರುವ ಕಾಗದದಷ್ಟು ಗಟ್ಟಿಯೂ ಅಲ್ಲ. ಮಾವ ಆಗಸ್ಟ್ 29 ಹಿಡಿದು ಕೂರಲು ತೀರ್ಮಾನಿಸಿದರು.

ಕ್ವೆರಿ ಎರಡು ಮೂರು ಕಂತಿನಲ್ಲಿ ಬಂದಿದ್ದರೆ ಲೆಕ್ಕ ಇನ್ನೂ ಬೇರೆ ಆಗುತ್ತಿತ್ತು. ಮೊದಲ ಸಲ ಒಂದು ಕಾಗದ, ಅದು ಕೊಟ್ಟ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು ಅಂತ ಕೇಳಿದರೆ ‘ಕೊನೆಯ ದಾಖಲೆ’ಯ ದಿನ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಹಾಗೇನಾದರೂ ನಡೆದಿದ್ದರೆ ಪ್ರತಿ ಕ್ವೆರಿಯ ತಾರೀಖು ಬರೆದಿಟ್ಟು, ಮೊದಲೇ ಕೇಳಬಹುದಾದ ಕಾಗದವನ್ನು ಆಮೇಲೆ ಯಾಕೆ ಕೇಳಿದಿರಿ ಅಂತ ಬರಹದಲ್ಲೇ ಪ್ರಶ್ನಿಸಬೇಕು.

## ಪತ್ರದ ಕೆಲವು ಮಾತುಗಳ ಅರ್ಥ

ಪತ್ರದ ತಲೆಯಲ್ಲಿ ‘ವಿದೌಟ್ ಪ್ರಿಜುಡಿಸ್’ ಎಂದು ಇತ್ತು. ಇದನ್ನು ಕಂಡು ಮಾವ ಗಾಬರಿಯಾಗಿದ್ದರು. ಅರ್ಥ ಇಷ್ಟೇ: ಈ ಪತ್ರದಲ್ಲಿ ನಾವು ಹೇಳಿದ ಮಾತನ್ನು ಮುಂದೆ ನಮ್ಮ ವಿರುದ್ಧ ಹಿಡಿಯಬೇಡಿ, ನಮ್ಮ ಹಕ್ಕು ನಮಗೆ ಇರಲಿ. ವಕೀಲರು ಕಲಿಸಿದ ಜಾಗರೂಕತೆ. ಆದರೆ ಪತ್ರದಲ್ಲಿ ನಮೂದಾದ ತಾರೀಖು, ಘಟನೆಗಳನ್ನು ತೋರಿಸಿ ನಾವು ದೂರು ಕೊಡುವುದನ್ನು ಈ ಎರಡು ಪದ ತಡೆಯುವುದಿಲ್ಲ.

‘ಗುಡ್‌ವಿಲ್’ ಅಥವಾ ‘ಎಕ್ಸ್ ಗ್ರೇಷಿಯಾ’ ಅನ್ನುವ ಪದ ಬಂದರೆ ಮಾತ್ರ ಎಚ್ಚರ. ತಮ್ಮ ಸೌಜನ್ಯಕ್ಕೆ ಇಷ್ಟು ಕೊಡುತ್ತೇವೆ ಅಂತ ಅದರ ಅರ್ಥ. ಬಡ್ಡಿ ಸೌಜನ್ಯ ಅಲ್ಲ. ಸಾವಿರ ರೂಪಾಯಿ ಗುಡ್‌ವಿಲ್ ಅಂತ ಕೊಟ್ಟಿದ್ದರೆ, ಬಡ್ಡಿ ಇದರಲ್ಲಿ ಸೇರಿದೆಯೋ ಬೇರೆ ಬರುತ್ತದೋ ಅಂತ ಕೇಳಬೇಕು. ಮಾವನ ಪತ್ರದಲ್ಲಿ “ಅನ್ವಯವಾಗುವ ಬಡ್ಡಿ” ಎಂದು ಮಾತ್ರ ಇತ್ತು. ಎಷ್ಟು ಪರ್ಸೆಂಟ್, ಎಷ್ಟು ದಿನ ಅಂತ ಇರಲಿಲ್ಲ. ದುಡ್ಡು ಬಂದ ಮೇಲೆ ನೋಡಿದರೆ ₹1,43,124. ಅಂದರೆ ₹1,42,000 ಅಸಲು, ₹1,124 ಬಡ್ಡಿ. ಅಕ್ಟೋಬರ್ 14ರ ಲೆಕ್ಕ ಹಾಕಿದ್ದಾರೆ ಅಂತ ಖಾತ್ರಿಯಾಗಿದ್ದು ಹೀಗೆ.

ಪತ್ರದ ಜೊತೆ ಒಂದು ಡಿಸ್ಚಾರ್ಜ್ ವೋಚರ್ ಇತ್ತು. ಆಸ್ಪತ್ರೆಯ ಡಿಸ್ಚಾರ್ಜ್ ಅಲ್ಲ, ದುಡ್ಡು ಮುಟ್ಟಿತು ಅನ್ನುವ ರಸೀದಿ. ಅದರಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂಬ ಮಾತು. ಸಹಿ ಮಾಡಿದರೆ ಮುಂದೆ ಏನೂ ಕೇಳುವ ಹಾಗಿಲ್ಲವೇ? ಈ ವಿಚಾರದಲ್ಲಿ ಐಆರ್‌ಡಿಎಐ 2015ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಮೊತ್ತದ ಬಗ್ಗೆ ತಕರಾರು ಇದ್ದಾಗ ವೋಚರ್‌ಗೆ ಸಹಿ ಹಾಕಿಸಿಕೊಂಡು ಗ್ರಾಹಕರು ಮುಂದೆ ಹೋಗುವ ದಾರಿ ಮುಚ್ಚಬಾರದು ಅಂತ ಅದರ ಸಾರ. ಆದರೂ ಮಾವ ಸಹಿಯ ಪಕ್ಕ ಕೈಬರಹದಲ್ಲಿ “ಬಡ್ಡಿ ಮತ್ತು ಕಡಿತದ ಬಗ್ಗೆ ತಕರಾರು ಇದೆ” ಅಂತ ಒಂದು ಸಾಲು ಬರೆದರು. ಬರೆದರೆ ನಷ್ಟವಿಲ್ಲ.

ಕಡಿತದ ಬಗ್ಗೆಯೂ ಎರಡು ಮಾತು. ಬಿಲ್ ₹1,58,400, ಮಂಜೂರು ₹1,42,000. ಉಳಿದ ₹16,400ರಲ್ಲಿ ₹9,900 ಗ್ಲೌಸ್, ಮಾಸ್ಕ್, ನೋಂದಣಿ ಶುಲ್ಕ ಇಂಥ ವೈದ್ಯಕೀಯೇತರ ಬಾಬತ್ತು. ಮಾವನ ಪಾಲಿಸಿಯಲ್ಲಿ ಅದು ಬರುವುದೇ ಇಲ್ಲ. ₹6,500 ಔಷಧ ಬಿಲ್ಲಿಗೆ ಡಾಕ್ಟರ್ ಚೀಟಿ ಇಲ್ಲ ಅಂತ ಕಡಿದಿದ್ದು. ಚೀಟಿ ಕೊಟ್ಟರೆ ಇದು ಮರಳಿ ಸಿಗುವಂಥದ್ದು.

## ಮುಂದೆ ಎಲ್ಲಿಗೆ ಹೋಗಬೇಕು?

ಮೊದಲ ಬಾಗಿಲು ಕಂಪನಿಯದೇ. ಪ್ರತಿ ಕಂಪನಿಯಲ್ಲಿ ಕುಂದುಕೊರತೆ ಅಧಿಕಾರಿ ಇರುತ್ತಾರೆ. ಇಮೇಲ್ ಪಾಲಿಸಿಯ ಕೊನೆಯ ಪುಟಗಳಲ್ಲಿ ಇರುತ್ತದೆ. ಇವರು 14 ದಿನದಲ್ಲಿ ಉತ್ತರ ಕೊಡಬೇಕು. ಇಲ್ಲಿ ಸಿಟ್ಟು ತೋರಿಸಿ ನಾಲ್ಕು ಪುಟ ಬರೆಯುವುದರಿಂದ ಉಪಯೋಗ ಕಡಿಮೆ. ಓದುವವರಿಗೆ ಬೇಕಾದ್ದು ಕ್ಲೇಮ್ ನಂಬರ್, ತಾರೀಖು, ಮೊತ್ತ. ಮಾವನ ಪತ್ರ ಇಷ್ಟೇ ಇತ್ತು: ನಿಮ್ಮ ನವೆಂಬರ್ 6ರ ಪತ್ರದಲ್ಲಿ ಕೊನೆಯ ದಾಖಲೆ ಅಕ್ಟೋಬರ್ 14ಕ್ಕೆ ಬಂತು ಎಂದಿದೆ. ಅದನ್ನು ನಿಮ್ಮ ಹುಬ್ಬಳ್ಳಿ ಶಾಖೆ ಆಗಸ್ಟ್ 29ಕ್ಕೆ ತೆಗೆದುಕೊಂಡಿದೆ, ಸೀಲು ಇರುವ ಪ್ರತಿ ಲಗತ್ತಿಸಿದೆ. 80 ದಿನಕ್ಕೆ 8.50 ಪರ್ಸೆಂಟ್‌ನಂತೆ ₹2,645 ಆಗುತ್ತದೆ. ಕೊಟ್ಟದ್ದು ₹1,124. ಬಾಕಿ ₹1,521 ಕೊಡಿ. ಜೊತೆಗೆ ನನ್ನ ಇಮೇಲ್, ಮೊಬೈಲ್ ಬದಲಿಸಿ.

ಈ ಕೊನೆಯ ಸಾಲು ಬಿಟ್ಟಿದ್ದರೆ ಮುಂದಿನ ಕ್ಲೇಮಿನ ಕ್ವೆರಿಯೂ ಟೈಲ್ಸ್ ಅಂಗಡಿಗೇ ಹೋಗುತ್ತಿತ್ತು.

ಕಂಪನಿ ಕೇಳದಿದ್ದರೆ ಐಆರ್‌ಡಿಎಐಯ ಬಿಮಾ ಭರೋಸಾದಲ್ಲಿ ದೂರು ಹಾಕಬಹುದು. ವಿಳಾಸ bimabharosa.irdai.gov.in, ಫೋನ್ 155255. ಒಂದು ವಿಷಯ ಗೊತ್ತಿರಲಿ. ಇಲ್ಲಿ ಪ್ರಾಧಿಕಾರ ಕೂತು ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಗೇ ಕಳಿಸಿ, ಉತ್ತರ ಕೊಟ್ಟರೋ ಇಲ್ಲವೋ ಅಂತ ನಿಗಾ ಇಡುತ್ತದೆ. ಅಷ್ಟಕ್ಕೇ ಎಷ್ಟೋ ಫೈಲ್ ಅಲ್ಲಾಡುತ್ತವೆ.

ತೀರ್ಪು ಬೇಕು ಅಂದರೆ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಇವರ ಕಚೇರಿ ಬೆಂಗಳೂರಿನಲ್ಲಿದೆ. ಫೀ ಇಲ್ಲ, ವಕೀಲರು ಬೇಕಾಗಿಲ್ಲ. ₹50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಮೊದಲು ಕಂಪನಿಗೆ ಬರೆದಿರಬೇಕು, ಅವರು ತಿರಸ್ಕರಿಸಿರಬೇಕು, ಇಲ್ಲವೇ ಒಂದು ತಿಂಗಳಾದರೂ ಉತ್ತರ ಬಂದಿರಬಾರದು, ಅಥವಾ ಬಂದ ಉತ್ತರ ನಿಮಗೆ ಒಪ್ಪಿಗೆ ಆಗಿರಬಾರದು. ಆಮೇಲೆ ಒಂದು ವರ್ಷದ ಒಳಗೆ ಹೋಗಬೇಕು. ದೂರನ್ನು ಆನ್‌ಲೈನ್‌ನಲ್ಲೂ ಕೊಡಬಹುದು, ವಿಚಾರಣೆ ವಿಡಿಯೊ ಮೂಲಕವೂ ನಡೆಯುತ್ತದೆ. ಹಾಗಾಗಿ ಗದಗಿನಿಂದ ರಾತ್ರಿ ರೈಲು ಹತ್ತಲೇಬೇಕು ಅಂತಿಲ್ಲ. ಓಂಬುಡ್ಸ್‌ಮನ್ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸಬೇಕು.

ಜಿಲ್ಲಾ ಗ್ರಾಹಕ ಆಯೋಗ ಇನ್ನೊಂದು ದಾರಿ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಇದೆ. ತಡದಿಂದ ಆದ ಮಾನಸಿಕ ತೊಂದರೆ, ಓಡಾಟದ ಖರ್ಚು ಕೇಳುವುದಿದ್ದರೆ ಇಲ್ಲಿ ಅವಕಾಶ ಜಾಸ್ತಿ. ಎರಡು ವರ್ಷದ ಒಳಗೆ ಹಾಕಬೇಕು. ಆದರೆ ಇಲ್ಲಿ ಕೇಸು ನಡೆಯುತ್ತಿರುವಾಗ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಹತ್ತಿರ ಹೋಗಲು ಬರುವುದಿಲ್ಲ. ಸಾವಿರ, ಎರಡು ಸಾವಿರದ ಬಡ್ಡಿ ತಕರಾರಿಗೆ ಇಷ್ಟು ದೂರ ಹೋಗುವವರು ಕಡಿಮೆ. ಕ್ಲೇಮನ್ನೇ ತಿರಸ್ಕರಿಸಿದಾಗ ಈ ದಾರಿಗಳು ಬೇಕಾಗುತ್ತವೆ.

ನಡುವೆ ಒಂದು ದಿನ ಮಾವನಿಗೆ ಇನ್ನೊಂದು ಫೋನ್ ಬಂದಿತ್ತು. ಐಆರ್‌ಡಿಎಐಯಿಂದ ಮಾತಾಡುತ್ತಿದ್ದೇವೆ, ನಿಮ್ಮ ತಡೆಹಿಡಿದ ಕ್ಲೇಮ್ ಬಿಡುಗಡೆಗೆ ಜಿಎಸ್‌ಟಿ ಕಟ್ಟಬೇಕು ಅಂತ ಶುದ್ಧ ಹಿಂದಿಯಲ್ಲಿ. ಕ್ಲೇಮ್ ಪಡೆಯಲು ಗ್ರಾಹಕರು ಯಾರಿಗೂ ದುಡ್ಡು ಕಟ್ಟುವ ಪದ್ಧತಿ ಇಲ್ಲ. ಪ್ರಾಧಿಕಾರ ಹೀಗೆ ಫೋನ್ ಮಾಡುವುದೂ ಇಲ್ಲ. ಮಾವ “ನನ್ನ ರೊಕ್ಕದಾಗ ಹಿಡಕೊಂಡು ಉಳದದ್ದು ಕೊಡ್ರಿ” ಅಂದರಂತೆ. ಆ ಕಡೆಯಿಂದ ಫೋನ್ ಕಟ್ಟಾಯಿತು.

## ಪತ್ರಕ್ಕೆ ಬಂದ ಉತ್ತರ

ಮಾವ ಕುಂದುಕೊರತೆ ಅಧಿಕಾರಿಗೆ ಬರೆದದ್ದು ನವೆಂಬರ್ 20ಕ್ಕೆ. ಡಿಸೆಂಬರ್ 3ಕ್ಕೆ ಉತ್ತರ ಬಂತು, ಈ ಸಲ ಮಾವನ ಮೊಬೈಲಿಗೆ. ದಾಖಲೆ ತಲುಪಿದ ದಿನವನ್ನು ಆಗಸ್ಟ್ 29 ಎಂದು ತಿದ್ದಲಾಗಿದೆ ಅಂತ ಒಂದು ಸಾಲು, ಮತ್ತೆ ಒಂದು ಸಾಲು ವಿಷಾದ. ಎರಡು ದಿನದ ಮೇಲೆ ₹1,521 ಖಾತೆಗೆ ಬಂತು.

₹6,500ರ ಔಷಧ ಬಿಲ್ ಹಾಗೇ ಇದೆ. ಚೀಟಿ ಕೊಟ್ಟರೆ ಮತ್ತೆ ಪರಿಶೀಲಿಸುತ್ತೇವೆ ಅಂದಿದ್ದಾರೆ. ಮಾಮಿ ಆ ಚೀಟಿಯನ್ನು ಹಳೆಯ ಕ್ಯಾಲೆಂಡರ್‌ನ ಹಿಂದೆ ಸಿಕ್ಕಿಸಿಟ್ಟಿದ್ದೆ ಅನ್ನುತ್ತಾರೆ. ಕ್ಯಾಲೆಂಡರ್ ದೀಪಾವಳಿಗೆ ಸುಣ್ಣ ಹಚ್ಚುವಾಗ ರದ್ದಿಗೆ ಹೋಗಿದೆ. ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ನಕಲಿಗೆ ಅರ್ಜಿ ಕೊಟ್ಟು ಬಂದಿದ್ದಾರೆ. ಆ ಅರ್ಜಿಯ ಪ್ರತಿಯ ಮೇಲೂ ಸೀಲು ಹಾಕಿಸಿಕೊಂಡಿದ್ದಾರೆ.